ಹದಿನಾಲ್ಕು ವರ್ಷಗಳ ಮೌನ, ಹತ್ತು ಸಾಲಿನ ಪತ್ರ

ನಮ್ಮ ಓಣಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿದವರು. ಊರಿನವರ ಅರ್ಜಿ, ಆಮಂತ್ರಣ, ಸನ್ಮಾನಪತ್ರಗಳೆಲ್ಲ ಇಂದಿಗೂ ಅವರ ಕೈಯಿಂದಲೇ ತಿದ್ದಿಸಿಕೊಂಡು ಹೋಗುತ್ತವೆ. ಅಂಥವರು 2025ರ ಬೇಸಿಗೆಯ ಒಂದು ಸಂಜೆ ಮೊಬೈಲು ಹಿಡಿದು ನಮ್ಮ ಮನೆಗೆ ಬಂದು, "ಒಂದು ಪತ್ರ ಬರೆಯಲಿಕ್ಕೆ ಹತ್ತು ದಿನದಿಂದ ಕೂತೀನಿ, ಆಗವಲ್ದು" ಎಂದಾಗ ನನಗೆ ಆಶ್ಚರ್ಯವಾಯಿತು. ಬರೆಯಬೇಕಾದದ್ದು ಅವರ ಹಳೆಯ ಗೆಳತಿಗೆ. ಅವರಿಬ್ಬರ ನಡುವೆ ಮಾತು ನಿಂತು ಆಗಲೇ ಹದಿನಾಲ್ಕು ವರ್ಷಗಳಾಗಿದ್ದವು.

ಇಬ್ಬರೂ 1986ರಲ್ಲಿ ಧಾರವಾಡದ ಹಾಸ್ಟೆಲ್ಲೊಂದರ ಒಂದೇ ಕೋಣೆಯಲ್ಲಿದ್ದು ಬಿ.ಎಡ್. ಓದಿದವರು. ಗೆಳತಿಯ ತಾಯಿಯ ಮನೆ ಧಾರವಾಡದಲ್ಲಿಯೇ ಇತ್ತು. ಭಾನುವಾರ ಬಂದರೆ ಇಬ್ಬರ ಊಟವೂ ಅಲ್ಲಿ. ಮದುವೆಯಾದ ಮೇಲೆ ಒಬ್ಬರು ಬಾಗಲಕೋಟೆಯ ಕಡೆಗೆ, ಇನ್ನೊಬ್ಬರು ಸೊಲ್ಲಾಪುರಕ್ಕೆ ಹೋದರು. ಮೊದಲು ಇನ್‌ಲ್ಯಾಂಡ್ ಪತ್ರಗಳು, ನಂತರ ದೀಪಾವಳಿ ಯುಗಾದಿಗಳಿಗೆ ದೂರವಾಣಿ ಕರೆ, ಹೀಗೆ ಇಪ್ಪತ್ತೈದು ವರ್ಷ ಸಂಬಂಧ ನಡೆದು ಬಂದಿತ್ತು. 2011ರಲ್ಲಿ ಗೆಳತಿಯ ತಾಯಿ ಲಿಂಗೈಕ್ಯರಾದರು. ಶಿವಗಣಾರಾಧನೆಯ ಪತ್ರಿಕೆ ಇವರ ಹಿಂದಿನ ಊರಿನ ವಿಳಾಸಕ್ಕೆ ಹೋಗಿ, ಅಲ್ಲಿಂದ ತಿರುಗಿ ಇವರ ಕೈ ಸೇರುವಷ್ಟರಲ್ಲಿ ಒಂದೂವರೆ ತಿಂಗಳಾಗಿತ್ತು. ಈಗ ಫೋನು ಮಾಡಿ ಏನೆಂದು ಹೇಳುವುದು, ಪರೀಕ್ಷೆ ಮುಗಿದ ಮೇಲೆ ಹೋಗಿಯೇ ಬರೋಣ ಎಂದುಕೊಂಡರು. ಪರೀಕ್ಷೆ ಮುಗಿಯಿತು, ಹೋಗಲಾಗಲಿಲ್ಲ. ಆ ದೀಪಾವಳಿಗೆ ಕರೆ ಮಾಡಲು ಸಂಕೋಚವಾಯಿತು. ಮುಂದಿನ ದೀಪಾವಳಿಗೆ ಆ ಸಂಕೋಚ ಇಮ್ಮಡಿಸಿತು. ಅತ್ತ ಕಡೆಯಿಂದಲೂ ಕರೆ ಬರಲಿಲ್ಲ.

ಇಲ್ಲಿ ಜಗಳವಿಲ್ಲ, ದ್ವೇಷವಿಲ್ಲ. ಒಂದು ತಪ್ಪಿದ ದಿನವಿದೆ, ಅದರ ಮೇಲೆ ಬೆಳೆದ ನಾಚಿಕೆಯಿದೆ. ಬಹುಮಟ್ಟಿಗೆ ಹಳೆಯ ಸ್ನೇಹಗಳು ನಿಂತುಹೋಗುವುದು ಹೀಗೆಯೇ. ಆದುದರಿಂದ ಆ ಪತ್ರ ಹೇಗೆ ಕೆಟ್ಟಿತು, ಹೇಗೆ ತಿದ್ದಲ್ಪಟ್ಟಿತು ಎಂಬುದನ್ನು ಅವರ ಅನುಮತಿ ಪಡೆದು ಇಲ್ಲಿ ವಿವರಿಸುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ.

ಮೊದಲ ಕರಡು

ಹತ್ತು ದಿನಗಳ ಪರಿಶ್ರಮದ ಫಲವಾಗಿ ಅವರ ಮೊಬೈಲಿನಲ್ಲಿದ್ದ ಬರಹ ಹೀಗಿತ್ತು:

"ಆತ್ಮೀಯ ಗೆಳತಿಗೆ ಶರಣು ಶರಣಾರ್ಥಿಗಳು. ತಾವು ಕುಟುಂಬ ಸಮೇತ ಕ್ಷೇಮವಾಗಿರುವಿರೆಂದು ಭಾವಿಸುತ್ತೇನೆ. ಇಷ್ಟು ವರ್ಷ ತಮ್ಮನ್ನು ಸಂಪರ್ಕಿಸಲಾಗದಿದ್ದುದಕ್ಕೆ ಕ್ಷಮೆಯಿರಲಿ. ನೌಕರಿ, ವರ್ಗಾವಣೆ, ಮಕ್ಕಳ ವಿದ್ಯಾಭ್ಯಾಸ, ಅತ್ತೆಯವರ ಅನಾರೋಗ್ಯ ಇವುಗಳಿಂದಾಗಿ ಬಿಡುವೇ ದೊರೆಯಲಿಲ್ಲ. ತಮ್ಮ ತಾಯಿಯವರ ಕಾರ್ಯಕ್ಕೂ ಬರಲಾಗಲಿಲ್ಲ. ನಾನು ತಪ್ಪಿತಸ್ಥೆ. ತಾವು ನನ್ನನ್ನು ಮರೆತಿರಬಹುದು, ಸಿಟ್ಟೂ ಇರಬಹುದು. ದಯವಿಟ್ಟು ಕ್ಷಮಿಸಿದೆನೆಂದು ಒಂದು ಮಾತು ತಿಳಿಸಿ. ಈಗ ಎಲ್ಲಿದ್ದೀರಿ? ಮಕ್ಕಳು ಏನು ಮಾಡುತ್ತಿದ್ದಾರೆ? ಯಜಮಾನರ ಆರೋಗ್ಯ ಹೇಗಿದೆ? ಆದಷ್ಟು ಬೇಗ ನಾವು ಭೇಟಿಯಾಗಲೇಬೇಕು."

ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ಇದನ್ನು ಓದಿದ ಗೆಳತಿಗೆ ಹೇಗಾಗಬಹುದೆಂದು ಇಬ್ಬರೂ ಕುಳಿತು ಯೋಚಿಸಿದೆವು. ಒಂದೊಂದೇ ತೊಡಕು ಕಾಣತೊಡಗಿತು.

ಮೊದಲನೆಯದು ಭಾಷೆ. ಒಂದೇ ಹಾಸಿಗೆ ಹಂಚಿಕೊಂಡು ಮಲಗಿದ ಗೆಳತಿಗೆ "ತಾವು" ಎಂದರೆ ಗೌರವ ಕೊಟ್ಟಂತಾಗುವುದಿಲ್ಲ, ದೂರ ಸರಿದಂತಾಗುತ್ತದೆ. "ನೀವು ಅವರನ್ನು ಹಾಸ್ಟೆಲ್ಲಿನಲ್ಲಿ ಏನೆಂದು ಕರೆಯುತ್ತಿದ್ದಿರಿ?" ಎಂದು ಕೇಳಿದೆ. ಅವರು ನಕ್ಕರು. ಬೆಳಗಿನ ಐದು ಗಂಟೆಗೆ ಎದ್ದು ಇಡೀ ಸಾಲಿನ ಕೋಣೆಗಳ ಬಾಗಿಲು ಬಡಿದು ಎಬ್ಬಿಸುತ್ತಿದ್ದುದರಿಂದ ಎಲ್ಲರೂ ಆಕೆಯನ್ನು "ಅಲಾರಾಂ" ಎನ್ನುತ್ತಿದ್ದರಂತೆ. ನಲವತ್ತು ವರ್ಷಗಳ ಹಿಂದಿನ ಆ ಹೆಸರು ಜಗತ್ತಿನಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಆದ್ದರಿಂದಲೇ ಅದು ಬರೆದವರು ಯಾರೆಂಬುದಕ್ಕೆ ಸಾಕ್ಷಿಯೂ ಹೌದು, ಬಾಗಿಲಿನ ಕೀಲಿಯೂ ಹೌದು.

ಎರಡನೆಯದು ಕಾರಣಗಳ ಪಟ್ಟಿ. ನೌಕರಿ, ವರ್ಗಾವಣೆ, ಅತ್ತೆಯವರ ಕಾಯಿಲೆ ಎಲ್ಲವೂ ನಿಜವೇ. ಆದರೆ ಹದಿನಾಲ್ಕು ವರ್ಷಗಳಲ್ಲಿ ಹತ್ತು ನಿಮಿಷ ಬಿಡುವಿರಲಿಲ್ಲವೆಂದರೆ ಓದುವವಳು ನಂಬುವುದಿಲ್ಲ. ಅವಳಿಗೂ ನೌಕರಿಯಿತ್ತು, ಅವಳ ಮನೆಯಲ್ಲಿಯೂ ಕಾಯಿಲೆಗಳಿದ್ದವು. ನಿಜವಾದ ಕಾರಣ ನಾಚಿಕೆ. ಒಂದು ನಿಜವಾದ ಕಾರಣವಿರುವಲ್ಲಿ ನಾಲ್ಕು ನೆಪಗಳನ್ನಿಟ್ಟರೆ ಪತ್ರ ರಜೆಯ ಅರ್ಜಿಯಂತಾಗುತ್ತದೆ.

ಮೂರನೆಯದು ಕ್ಷಮೆ. ತಪ್ಪನ್ನು ಒಪ್ಪಿಕೊಳ್ಳುವುದು ಬೇರೆ, ಕ್ಷಮಿಸಿದೆನೆಂದು ಹೇಳಬೇಕೆಂದು ಕೇಳುವುದು ಬೇರೆ. ಮೊದಲನೆಯದರಿಂದ ಎದುರಿನವರಿಗೆ ಸಮಾಧಾನ ದೊರೆಯುತ್ತದೆ. ಎರಡನೆಯದರಿಂದ ಅವರ ಮೇಲೊಂದು ಹೊರೆ ಬೀಳುತ್ತದೆ. ತಾಯಿಯನ್ನು ಕಳೆದುಕೊಂಡವಳೇ, ಬಾರದೆ ಹೋದ ಗೆಳತಿಯನ್ನು ಸಂತೈಸಬೇಕಾಗುತ್ತದೆ. "ಸಿಟ್ಟೂ ಇರಬಹುದು" ಎಂಬ ಮಾತೂ ಅಂಥದ್ದೇ. ಸಿಟ್ಟಿಲ್ಲದವಳು ಇಲ್ಲವೆಂದು ಪ್ರಮಾಣ ಮಾಡಬೇಕು, ಇದ್ದವಳು ಸುಳ್ಳಾಡಬೇಕು.

ನಾಲ್ಕನೆಯದು ಪ್ರಶ್ನೆಗಳು. ಹದಿನಾಲ್ಕು ವರ್ಷ ಯಾವ ಸುದ್ದಿಯೂ ತಿಳಿಯದಿರುವಾಗ "ಯಜಮಾನರ ಆರೋಗ್ಯ ಹೇಗಿದೆ" ಎಂದು ಕೇಳುವುದು ಅಪಾಯದ ಕೆಲಸ. ಅವರು ಇಲ್ಲದಿದ್ದರೆ? ಮಗಳ ಸಂಸಾರ ಮುರಿದಿದ್ದರೆ? ಮಗನೊಡನೆ ಮಾತಿಲ್ಲದಿದ್ದರೆ? ಕ್ಷೇಮಸಮಾಚಾರವೆಂದು ನಾವು ಕೇಳುವ ಸಾಲು ಪ್ರಶ್ನೆಗಳು ಎದುರಿನವರ ಗಾಯದ ಮೇಲೆ ಬೆರಳಿಟ್ಟಂತಾಗಬಹುದು. ಮೇಲಾಗಿ, ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕಾದವಳು "ಸಾವಕಾಶವಾಗಿ ಬರೆದರಾಯಿತು" ಎಂದು ಪಕ್ಕಕ್ಕಿಡುತ್ತಾಳೆ. ಆ ಸಾವಕಾಶ ಬರುವುದೇ ಇಲ್ಲ.

ಎರಡನೆಯ ಕರಡು

ಇದನ್ನೆಲ್ಲ ಕೇಳಿದ ಶಿಕ್ಷಕಿಯವರು ಮರುದಿನ ಇನ್ನೊಂದು ಬರಹದೊಂದಿಗೆ ಬಂದರು. ಈ ಸಲ ತಕ್ಕಡಿ ಇನ್ನೊಂದು ಬದಿಗೆ ವಾಲಿತ್ತು. ಹೂವಿನ ಚಿತ್ರವೊಂದರ ಕೆಳಗೆ, "ಹೇಗಿದ್ದೀ? ನನ್ನ ನೆನಪಿದೆಯಾ? ಸುಮ್ಮನೆ ನೆನಪಾಯಿತು, ಅದಕ್ಕೇ ಬರೆದೆ" ಎಂದಿತ್ತು. ಹಗುರವಾಗಿರಲೆಂದು ಹೀಗೆ ಮಾಡಿದ್ದಾಗಿ ಹೇಳಿದರು.

ಹಗುರವೇನೋ ಹೌದು. ಆದರೆ ಅಪರಿಚಿತ ಸಂಖ್ಯೆಯಿಂದ ಬಂದ ಹೂವಿನ ಚಿತ್ರವನ್ನು ಇಂದು ಯಾರೂ ತೆರೆದು ನೋಡುವುದಿಲ್ಲ. ಮೋಸದ ಸಂದೇಶಗಳ ಕಾಲವಿದು. ತಾನು ಯಾರು, ಸಂಖ್ಯೆ ಎಲ್ಲಿಂದ ದೊರೆಯಿತು ಎಂದು ಹೇಳದ ಬರಹವನ್ನು ಜನ ಅಳಿಸಿಬಿಡುತ್ತಾರೆ. "ನೆನಪಿದೆಯಾ" ಎಂಬುದು ಪರೀಕ್ಷೆಯ ಪ್ರಶ್ನೆ. "ಸುಮ್ಮನೆ ನೆನಪಾಯಿತು" ಎಂದರೆ, ಇಷ್ಟು ವರ್ಷ ಬಿಟ್ಟು ಇಂದೇ ಏಕೆ ನೆನಪಾಯಿತು, ಮಗನ ಮದುವೆಯೋ, ಸಾಲವೋ, ಯಾವುದಾದರೂ ಶಿಫಾರಸೋ ಎಂಬ ಸಂದೇಹ ಮನಸ್ಸಿನಲ್ಲಿ ಏಳುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ತಾಯಿಯ ಸಾವಿನ ಪ್ರಸ್ತಾಪವೇ ಇಲ್ಲದಿರುವುದು. ಮೌನಕ್ಕೆ ಮೂಲವಾದ ಸಂಗತಿ ಇಬ್ಬರಿಗೂ ಗೊತ್ತಿರುವಾಗ ಅದನ್ನು ದಾಟಿ ಹೋದ ಬರಹ ಎಷ್ಟೇ ಸಲೀಸಾಗಿದ್ದರೂ ಪ್ರಾಮಾಣಿಕವಾಗಿ ತೋರದು.

ಹಾಗಾದರೆ ಭಾರವೂ ಆಗದ, ಪೊಳ್ಳೂ ಆಗದ ದಾರಿ ಯಾವುದು? "ನಿಜವಾಗಿಯೂ ಅವರ ನೆನಪು ಬಂದದ್ದು ಯಾವ ಹೊತ್ತಿನಲ್ಲಿ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳಿಗೆ ಗುರೆಳ್ಳು ಚಟ್ನಿ ಕುಟ್ಟುವುದನ್ನು ಹೇಳಿಕೊಡುತ್ತಿದ್ದಾಗ ಎಂದರು. ಬೆಳ್ಳುಳ್ಳಿಯನ್ನು ಕೊನೆಯಲ್ಲಿ ಹಾಕಬೇಕು, ಮೊದಲೇ ಹಾಕಿದರೆ ಅದರ ಪಸೆಗೆ ಪುಡಿ ಮುದ್ದೆಯಾಗುತ್ತದೆ ಎಂದು ಮಗಳಿಗೆ ಹೇಳಿದೊಡನೆಯೇ, ಅದು ಧಾರವಾಡದ ಆ ತಾಯಿಯ ಮಾತೆಂಬುದು ಹೊಳೆದು ಕೈ ನಿಂತಿತಂತೆ. "ಇದನ್ನೇ ಬರೆಯಿರಿ" ಎಂದೆ. "ಇಷ್ಟು ಸಣ್ಣ ಮಾತನ್ನ?" ಎಂದರು. ಹೌದು, ಅಷ್ಟೇ ಸಣ್ಣ ಮಾತನ್ನು. ಏಕೆ ಈಗ ಬರೆದಿರಿ ಎಂಬ ಪ್ರಶ್ನೆಗೆ ಅದಕ್ಕಿಂತ ನಂಬಬಹುದಾದ ಉತ್ತರ ಇನ್ನೊಂದಿಲ್ಲ.

ಕಳುಹಿಸಿದ ಪತ್ರ

ಮೂರನೆಯ ಸಲ ಅವರು ಗ್ರಂಥಭಾಷೆಯನ್ನು ಪಕ್ಕಕ್ಕಿಟ್ಟು, ಹಾಸ್ಟೆಲ್ಲಿನಲ್ಲಿ ಮಾತನಾಡುತ್ತಿದ್ದಂತೆಯೇ ಬರೆದರು. ಕೊನೆಯಲ್ಲಿದ್ದ ಹೆಸರೊಂದನ್ನು ಬಿಟ್ಟು ಉಳಿದುದು ಇಂತಿದೆ:

"ಅಲಾರಾಂ, ನಾನು, ಹಾಸ್ಟೆಲ್ಲಿನ್ಯಾಗ ನಿನ್ನ ರೂಮಿನ್ಯಾಕಿ. ನಿನ್ನ ನಂಬರು ನಿನ್ನ ತಮ್ಮನ ಕಡಿಂದ ಇಸ್ಕೊಂಡೆ. ಮೊನ್ನೆ ಮಗಳಿಗೆ ಗುರೆಳ್ಳು ಚಟ್ನಿ ಕುಟ್ಟೂದು ಹೇಳಿಕೊಡ್ಲಿಕತ್ತಿದ್ದೆ. 'ಬೆಳ್ಳುಳ್ಳಿ ಕಡೀಕ ಹಾಕು, ಮೊದಲ ಹಾಕಿದ್ರ ಮುದ್ದಿ ಆಗ್ತದ' ಅಂತ ಅಂದೆ. ಅಂದ ಮ್ಯಾಲ ಗೊತ್ತಾತು, ಅದು ನಿಮ್ಮ ಅವ್ವನ ಮಾತು. ಅವ್ವ ಹೋದಾಗ ನಾ ಬರಲಿಲ್ಲ, ಒಂದು ಪತ್ರಾನೂ ಬರೀಲಿಲ್ಲ. ಬರಬೇಕಾಗಿತ್ತು. ಸುದ್ದಿ ತಡಾ ಮುಟ್ಟಿತು, ಆಮ್ಯಾಲ ನಾಚಿಕಿ ಆಗಿ ಸುಮ್ಮನ ಕೂತೆ. ಎಷ್ಟು ಐತವಾರ ಅವರ ಕೈಯಾಗ ಉಂಡೀನಿ, ಲೆಕ್ಕ ಇಲ್ಲ. ನಾ ಈಗ ರಿಟಾಯರ್ ಆಗಿ ಮನ್ಯಾಗ ಇದ್ದೀನಿ. ಉತ್ತರ ಬರೀಲಿಕ್ಕೇಬೇಕು ಅಂತೇನಿಲ್ಲ. ಮನಸಾದಾಗ ಫೋನ್ ಮಾಡು, ಸಂಜೀಕ ಆರರ ಮ್ಯಾಲ ಖಾಲಿ ಇರ್ತೀನಿ."

ಇದರಲ್ಲಿ ಏನೇನು ಆಗಿದೆಯೆಂಬುದನ್ನು ಗಮನಿಸಬೇಕು. ಮೊದಲ ಎರಡು ವಾಕ್ಯಗಳಲ್ಲಿ ಬರೆದವರು ಯಾರು, ಸಂಖ್ಯೆ ಹೇಗೆ ದೊರೆಯಿತು ಎಂಬುದು ಮುಗಿದಿದೆ. ನಂತರ ಬಂದ ನೆನಪು ಬೇರೆ ಯಾರಿಗೂ ಕಳುಹಿಸಲಾಗದಂಥದು. ಒಂದು ಬರಹ ಸಹಜವಾಗಿದೆಯೋ ಇಲ್ಲವೋ ಎಂದು ತಿಳಿಯಲು ಇದೇ ಒಳ್ಳೆಯ ಪರೀಕ್ಷೆ. ಅದೇ ವಾಕ್ಯವನ್ನು ಇನ್ನೊಬ್ಬ ಗೆಳತಿಗೂ ಕಳುಹಿಸಬಹುದಾದರೆ ಅದು ಇನ್ನೂ ತಿದ್ದುವುದಕ್ಕಿದೆ ಎಂದರ್ಥ.

ತಪ್ಪಿನ ವಿಷಯ ಕೆಲವೇ ಸಣ್ಣ ವಾಕ್ಯಗಳಲ್ಲಿದೆ. ಏನು ಮಾಡಲಿಲ್ಲ, ಏನು ಮಾಡಬೇಕಾಗಿತ್ತು, ಏಕೆ ಆಗಲಿಲ್ಲ ಎಂಬಷ್ಟೇ. "ಕ್ಷಮಿಸು" ಎಂಬ ಶಬ್ದವೂ ಇಲ್ಲ, ಆದರೂ ಒಪ್ಪಿಗೆ ಸಂಪೂರ್ಣವಾಗಿದೆ. ಅದರ ಬೆನ್ನಿಗೇ ಆ ತಾಯಿಯ ಊಟದ ನೆನಪು ಬಂದು, ಮಾತು ತನ್ನ ತಪ್ಪಿನ ಮೇಲೆ ನಿಲ್ಲದೆ ಅಗಲಿದ ಜೀವದ ಮೇಲೆ ನಿಂತಿದೆ. ಹದಿನಾಲ್ಕು ವರ್ಷ ತಡವಾದ ಸಂತಾಪಕ್ಕೂ ಬೆಲೆಯಿದೆ. ತಾಯಿ ತೀರಿಹೋಗಿ ವರ್ಷಗಳಾದ ಮೇಲೆ ಆಕೆಯ ಅಡುಗೆಯನ್ನು, ಆಕೆಯ ಮಾತನ್ನು ನೆನೆಯುವವರು ಕಡಿಮೆಯಾಗುತ್ತಾರೆ. ಮಕ್ಕಳಿಗೆ ಅದು ಗೊತ್ತು. ಆದರೆ ಸಾವು ಹೇಗಾಯಿತು, ಯಾವ ಕಾಯಿಲೆ ಎಂದು ಕೇಳಬಾರದು. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.

ಪತ್ರದಲ್ಲಿ ಒಂದೂ ಪ್ರಶ್ನೆಯಿಲ್ಲ ಎಂಬುದನ್ನೂ ನೋಡಿ. ತನ್ನ ಬಗ್ಗೆ ಒಂದೇ ಸುದ್ದಿ ಕೊಟ್ಟು, ಅವಳ ಸುದ್ದಿ ಹೇಳುವುದು ಬಿಡುವುದು ಅವಳಿಗೇ ಬಿಟ್ಟಿದೆ. "ಭೇಟಿಯಾಗಲೇಬೇಕು" ಎಂಬ ಒತ್ತಾಯದ ಸ್ಥಾನದಲ್ಲಿ ಸಂಜೆ ಆರರ ನಂತರ ಎಂಬ ಖಚಿತವಾದ, ಸಣ್ಣ ಆಹ್ವಾನವಿದೆ. ಉತ್ತರಿಸದಿದ್ದರೂ ನಡೆದೀತು ಎಂದು ಬರೆದ ಮೇಲೆ ಹಾಗೆಯೇ ನಡೆದುಕೊಳ್ಳಬೇಕೆಂಬುದು ಮಾತ್ರ ಮುಖ್ಯ.

ಬೆರಳು ನಿಲ್ಲುವ ಜಾಗ

ಪತ್ರ ಸಿದ್ಧವಾದ ಮೇಲೂ ಅದು ಮೂರು ದಿನ ಮೊಬೈಲಿನಲ್ಲಿಯೇ ಇತ್ತು. ಇದು ಅವರೊಬ್ಬರ ದೌರ್ಬಲ್ಯವಲ್ಲ. ಕೆನಡಾದ ಲಾರಾ ಅಕ್ನಿನ್ ಮತ್ತು ಇಂಗ್ಲೆಂಡಿನ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಎಂಬ ಮನೋವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಸಂಗತಿ ಕಂಡುಬಂದಿದೆ. ಮತ್ತೆ ಮಾತನಾಡಲು ಬಯಸುವ ಹಳೆಯ ಗೆಳೆಯರಿಗೆ ಸಂದೇಶ ಬರೆಯಲು ಹೇಳಿ, ಕಳುಹಿಸಲು ಸಮಯವನ್ನೂ ಕೊಟ್ಟಾಗ, ಕಳುಹಿಸಿದವರು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಹಳೆಯ ಗೆಳೆಯ ನಮ್ಮ ಮನಸ್ಸಿಗೆ ಅಪರಿಚಿತನಂತೆ ತೋರಿದಷ್ಟೂ ಅವನನ್ನು ಸಂಪರ್ಕಿಸಲು ಹಿಂಜರಿಕೆ ಹೆಚ್ಚುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಇದನ್ನು ಓದಿದಾಗ ಶಿಕ್ಷಕಿಯವರ "ತಾವು" ನನಗೆ ಅರ್ಥವಾಯಿತು.

ಅವರೇ ಪ್ರಯತ್ನಿಸಿ ನೋಡಿದ ಒಂದು ಉಪಾಯವೂ ಇದೆ. ಹಳೆಯ ಗೆಳೆಯನಿಗೆ ಕಳುಹಿಸುವ ಮೊದಲು ಮೂರು ನಿಮಿಷ, ಈಗ ಬಳಕೆಯಲ್ಲಿರುವ ಗೆಳೆಯರಿಗೆ, ಪರಿಚಿತರಿಗೆ ಚಿಕ್ಕ ಚಿಕ್ಕ ಸಂದೇಶ ಬರೆಯುವುದು. ಹೀಗೆ ಮಾಡಿದವರಲ್ಲಿ ಶೇಕಡಾ 53ರಷ್ಟು ಜನ ಹಳೆಯ ಗೆಳೆಯರಿಗೂ ಕಳುಹಿಸಿದರು. ಆ ಮೂರು ನಿಮಿಷ ಮೊಬೈಲಿನಲ್ಲಿ ಬೇರೆಯವರ ಸುದ್ದಿ ನೋಡುತ್ತ ಕಳೆದವರಲ್ಲಿ ಕಳುಹಿಸಿದವರು ಶೇಕಡಾ 31 ಮಾತ್ರ. ಅಮೆರಿಕದ ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನವೂ ಧೈರ್ಯ ಕೊಡುವಂಥದು. ಅನಿರೀಕ್ಷಿತವಾಗಿ ಬಂದ ವಿಚಾರಣೆಯಿಂದ ಎದುರಿನವರಿಗೆ ಆಗುವ ಸಂತೋಷವನ್ನು ಕಳುಹಿಸುವವರು ಕಡಿಮೆಯೆಂದೇ ಅಂದಾಜು ಮಾಡುತ್ತಾರೆ ಎಂದು ಅದರಲ್ಲಿ ತಿಳಿದುಬಂದಿದೆ. ಈ ಪರೀಕ್ಷೆಗಳು ಹೊರನಾಡಿನವು. ಸ್ನೇಹ ಮೊದಲಿನಂತಾಗುವ ಭರವಸೆಯನ್ನು ಅವು ಕೊಡುವುದಿಲ್ಲ.

ಶಿಕ್ಷಕಿಯವರು ಅಂದು ಸಂಜೆ ತಂಗಿಗೊಂದು, ಹಾಲಿನವಳಿಗೊಂದು, ಹಳೆಯ ಸಹೋದ್ಯೋಗಿಗೊಂದು ಸಂದೇಶ ಬರೆದು, ಅದೇ ಓಘದಲ್ಲಿ ಸೊಲ್ಲಾಪುರದ ಸಂಖ್ಯೆಗೂ ಕಳುಹಿಸಿಬಿಟ್ಟರು.

ಉತ್ತರದ ದಾರಿ

ಸಂದೇಶ ತಲುಪಿದ ಎರಡು ಗೆರೆಗಳು ಕೂಡಲೇ ಬಂದವು. ಮರುದಿನ ಅವು ನೀಲಿಯಾದವು, ಅಂದರೆ ಓದಿಯಾಯಿತು. ಆಮೇಲೆ ಏನೂ ಇಲ್ಲ. ಒಂದು ದಿನ, ನಾಲ್ಕು ದಿನ, ಎಂಟು ದಿನ. ಇನ್ನೊಂದು ಸಂದೇಶ ಕಳುಹಿಸಲೇ ಎಂದು ಅವರು ಕೇಳಿದರು. ಬೇಡವೆಂದೆ. ಓದಿಯೂ ಉತ್ತರಿಸದಿರುವುದಕ್ಕೆ ಸಿಟ್ಟೊಂದೇ ಕಾರಣವಲ್ಲ. ನಮಗೆ ಬರೆಯಲು ಹದಿನಾಲ್ಕು ವರ್ಷ ಹಿಡಿದಿರುವಾಗ ಅವರಿಗೆ ಹದಿನಾಲ್ಕು ದಿನವಾದರೂ ಬೇಡವೇ? ಸಂದೇಶ ತಲುಪಿದ ಗುರುತೇ ಬಾರದಿದ್ದರೆ ಮಾತು ಬೇರೆ. ಆಗ ಸಂಖ್ಯೆ ಬದಲಾಗಿರಬಹುದು, ತಮ್ಮನನ್ನೋ ಬಂಧುಗಳನ್ನೋ ಇನ್ನೊಮ್ಮೆ ಕೇಳಬಹುದು. ತಲುಪಿ, ಓದಿ, ತಿಂಗಳುಗಳಾದರೂ ಉತ್ತರ ಬಾರದಿದ್ದರೆ ಮುಂದಿನ ದೀಪಾವಳಿಗೆ ಒಂದು ಸಾಲಿನ ಶುಭಾಶಯ ಕಳುಹಿಸಬಹುದು. ಅದಕ್ಕೂ ಮೌನವಾದರೆ ಅದನ್ನು ಉತ್ತರವೆಂದೇ ಗೌರವಿಸಬೇಕು. ತಾನಾಗಿಯೇ ಯೋಚಿಸಿ ಸ್ನೇಹವನ್ನು ಕಡಿದುಕೊಂಡವರಿಗೆ, ಇನ್ನು ಸಂಪರ್ಕ ಬೇಡವೆಂದು ಸ್ಪಷ್ಟವಾಗಿ ಹೇಳಿದವರಿಗೆ ಈ ಮೊದಲ ಪತ್ರವೂ ಸಲ್ಲದು.

ಹನ್ನೊಂದನೆಯ ದಿನ ಉತ್ತರ ಬಂದಿತು. ಮೊದಲು ಒಂದು ಛಾಯಾಚಿತ್ರ: ಧಾರವಾಡದ ಮನೆಯಲ್ಲಿದ್ದ, ಅಂಚು ಒಡೆದ ಹಳೆಯ ಕಲ್ಲಿನ ಒರಳು, ಈಗ ಸೊಲ್ಲಾಪುರದ ಅಡುಗೆಮನೆಯಲ್ಲಿ. ಅದರ ಕೆಳಗೆ ಒಂದೇ ಸಾಲು, "ಎಷ್ಟು ಬೆಳ್ಳುಳ್ಳಿ ಹಾಕಿದ್ದಿ?" ಅಂದು ಸಂಜೆ ಆರೂ ಕಾಲಿಗೆ ಫೋನು ಬಂದಿತು.

ಆ ಮಾತುಕತೆಯ ಎಲ್ಲ ವಿವರ ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಶಿಕ್ಷಕಿಯವರು ಎರಡು ಸಂಗತಿಗಳನ್ನು ಮಾತ್ರ ಹೇಳಿದರು. ಗೆಳತಿ, "ಸಿಟ್ಟು ಇತ್ತು. ಎರಡು ವರ್ಷ ಭಾಳ ಇತ್ತು. ಆಮ್ಯಾಲ ನೀ ಇದ್ದೀಯೋ ಇಲ್ಲೋ ಅನ್ನೂದು ಒಂದ ಉಳೀತು" ಎಂದರಂತೆ. ಅದನ್ನು ಕೇಳಿ ಇವರು ಸಮರ್ಥನೆಗೆ ತೊಡಗದೆ "ಹೌದು" ಎಂದಷ್ಟೇ ಅಂದರಂತೆ. ಇನ್ನೊಂದು, ಗೆಳತಿಯ ಯಜಮಾನರು ತೀರಿಕೊಂಡು ಐದು ವರ್ಷಗಳಾಗಿದ್ದವು. ಮೊದಲ ಕರಡಿನ ಆ ಪ್ರಶ್ನೆ ಹಾಗೆಯೇ ಹೋಗಿದ್ದರೆ ಏನಾಗುತ್ತಿತ್ತೆಂದು ನೆನೆದು ಇಬ್ಬರೂ ಸುಮ್ಮನಾದೆವು.

ಈಗ ಅವರಿಬ್ಬರ ನಡುವೆ ದಿನನಿತ್ಯದ ಮಾತೇನೂ ಇಲ್ಲ. ವಾರಕ್ಕೊಮ್ಮೆ, ಬಹುತೇಕ ಭಾನುವಾರ ಊಟದ ಹೊತ್ತಿಗೆ ಫೋನು ಬರುತ್ತದೆ. ಹದಿನಾಲ್ಕು ವರ್ಷಗಳ ಸುದ್ದಿಯನ್ನು ಒಂದೇ ದಿನ ಹೇಳಿ ಮುಗಿಸುವ ಅವಸರ ಇಬ್ಬರಿಗೂ ಇಲ್ಲ. ಕಳೆದ ವಾರ ಸೊಲ್ಲಾಪುರದಿಂದ ಬಸ್ಸಿನಲ್ಲಿ ಒಂದು ಡಬ್ಬಿ ಬಂದಿತ್ತು, ಒಳಗೆ ಗುರೆಳ್ಳು ಚಟ್ನಿ. ಶಿಕ್ಷಕಿಯವರು ನನಗೂ ಎರಡು ಚಮಚ ತಂದುಕೊಟ್ಟರು. ಪುಡಿ ಉದುರುದುರಾಗಿತ್ತು. ಬೆಳ್ಳುಳ್ಳಿಯನ್ನು ಕೊನೆಗೇ ಹಾಕಿದ್ದರು.